ಅಕ್ಷರ ಉಳಿಯಿತು, ಆಶ್ವಾಸ ಹೋಯಿತು

ನುಡಿ, ಬರಹ ಮೊದಲಾದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಪಠ್ಯವನ್ನು ಯೂನಿಕೋಡಿಗೆ ತಂದೆವೆಂದು ಹೇಳಿಕೊಳ್ಳುವವರಲ್ಲಿ ಬಹುಮಂದಿ ತಂದಿರುವುದು ಅಕ್ಷರಗಳನ್ನು ಮಾತ್ರ. ಶೀರ್ಷಿಕೆ ಯಾವುದು, ಪದ್ಯ ಎಲ್ಲಿ ಮುಗಿಯಿತು, ಗದ್ಯ ಎಲ್ಲಿ ಮೊದಲಾಯಿತು, ಪಟ್ಟಿಯ ಎಷ್ಟನೆಯ ಅಂಶವಿದು ಎಂಬುದನ್ನೆಲ್ಲ ದಾರಿಯಲ್ಲಿ ಚೆಲ್ಲಿ ಬಂದಿದ್ದಾರೆ. ಇದಕ್ಕೆ ಅವರು ಕೊಡುವ ಸಮಾಧಾನವೂ ಸಿದ್ಧವಾಗಿದೆ: ಅಕ್ಷರ ಸರಿಯಿದ್ದರೆ ಸಾಕು, ಹುಡುಕಿದರೆ ಸಿಗುತ್ತದೆ, ಉಳಿದ ಅಂದಚೆಂದವನ್ನು ಆಮೇಲೆ ನೋಡಿಕೊಳ್ಳಬಹುದು. ಈ ಸಮಾಧಾನ ತಪ್ಪು. ಶೀರ್ಷಿಕೆಯೂ ಸಾಲಿನ ಮುರಿತವೂ ಅಂದಚೆಂದವಲ್ಲ, ಪಠ್ಯದ ಭಾಗ.

ಪಂಪನ ಆದಿಪುರಾಣದಲ್ಲಿ 16 ಆಶ್ವಾಸಗಳಿವೆ. ಪದ್ಯಸಂಖ್ಯೆ ಪ್ರತಿ ಆಶ್ವಾಸದಲ್ಲಿಯೂ ಒಂದರಿಂದ ಮೊದಲಾಗುತ್ತದೆ. ಆದ್ದರಿಂದ ವಿದ್ವಾಂಸರು ಆಶ್ವಾಸದ ಸಂಖ್ಯೆ, ಪದ್ಯದ ಸಂಖ್ಯೆ ಎರಡನ್ನೂ ಜೋಡಿಸಿ ಉಲ್ಲೇಖಿಸುತ್ತಾರೆ. ಆಶ್ವಾಸದ ತಲೆಬರಹ ಸಾಮಾನ್ಯ ಸಾಲಾಗಿ ಪಠ್ಯದೊಳಗೆ ಕರಗಿಹೋದರೆ ಹತ್ತನೆಯ ಪದ್ಯವೆಂಬುದು ಹದಿನಾರು ಕಡೆ ಇರುತ್ತದೆ, ಅವುಗಳಲ್ಲಿ ಬೇಕಾದದ್ದು ಯಾವುದೆಂದು ಕಡತ ಹೇಳುವುದಿಲ್ಲ. ಹುಡುಕಿದರೆ ಸಿಗುತ್ತದೆ ನಿಜ. ಸಿಕ್ಕಿದ್ದು ಎಲ್ಲಿಯದೆಂದು ತಿಳಿಯಲು ಮತ್ತೆ ಮುದ್ರಿತ ಪುಸ್ತಕವನ್ನೇ ತೆರೆಯಬೇಕು. ಹಾಗಾದರೆ ಪರಿವರ್ತನೆಯಿಂದ ಉಳಿದ ಶ್ರಮವೆಷ್ಟು?

ಹಾನಿ ಹೇಗೆ ಆಗುತ್ತದೆಂಬುದನ್ನು ಒಂದು ಕಲ್ಪಿತ ಸಂದರ್ಭದಲ್ಲಿ ಇಟ್ಟು ನೋಡಬಹುದು. ಸಿ.ವಿ. ರಾಮನ್ ನಗರದ ಸಂಪಾದಕರೊಬ್ಬರು ಜೈನ ಚಂಪೂಕಾವ್ಯವೊಂದರ ನುಡಿ ಕಡತವನ್ನು ಮನೆಯ ಸಮೀಪದ ಡಿ.ಟಿ.ಪಿ. ಅಂಗಡಿಗೆ ಒಯ್ಯುತ್ತಾರೆಂದು ಭಾವಿಸೋಣ. ದರ ಪುಟಕ್ಕಿಷ್ಟು. ಅಂಗಡಿಯವರು ವರ್ಡ್ ಕಡತವನ್ನು ತೆರೆದು, ಎಲ್ಲವನ್ನೂ ಆಯ್ದು, ನಕಲು ಮಾಡಿ, ಪರಿವರ್ತಕದ ಪೆಟ್ಟಿಗೆಯಲ್ಲಿ ಅಂಟಿಸಿ, ಗುಂಡಿ ಒತ್ತಿ, ಬಂದದ್ದನ್ನು ಹೊಸ ಕಡತಕ್ಕೆ ಹಾಕಿ ಕೊಡುತ್ತಾರೆ. ಹತ್ತು ನಿಮಿಷದ ಕೆಲಸ. ನಷ್ಟವೆಲ್ಲವೂ ಆ ಪೆಟ್ಟಿಗೆಯಲ್ಲಿಯೇ ಆಗುತ್ತದೆ, ಏಕೆಂದರೆ ಅದರೊಳಗೆ ಹೋಗುವುದು ಬರಿಯ ಅಕ್ಷರಸಂಕೇತಗಳ ಸಾಲು; ಫಾಂಟಿನ ಹೆಸರು, ಶೈಲಿ, ಗಾತ್ರ ಯಾವುದೂ ಹೋಗುವುದಿಲ್ಲ.

ಫಾಂಟಿನ ಹೆಸರು ಹೋದರೆ ಏನಾಗುತ್ತದೆಂಬುದನ್ನು ಮೊದಲು ಗಮನಿಸಬೇಕು. ಆಸ್ಕಿ ಎಂದು ವಾಡಿಕೆಯಲ್ಲಿ ಕರೆಯುವ ಈ ಕಡತಗಳಲ್ಲಿ ಕನ್ನಡವೇ ಇಲ್ಲ. (ಆಸ್ಕಿ ಎಂಬ ಹೆಸರೂ ಸರಿಯಲ್ಲ, 128ರಿಂದಾಚೆಯ ಸ್ಥಾನಗಳಿಲ್ಲದೆ ಈ ಫಾಂಟುಗಳು ನಡೆಯುವುದೇ ಇಲ್ಲ.) ಕಡತದಲ್ಲಿರುವುದು ಇಂಗ್ಲಿಷ್ ಮತ್ತು ಐರೋಪ್ಯ ಲಿಪಿಯ ಸಂಕೇತಗಳು, ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸುವುದು ಫಾಂಟು. ನುಡಿಯಲ್ಲಿ `E` ಎಂಬುದು ಇ, `C` ಎಂಬುದು ಅ. ಅದೇ ಕಡತದ ಅಡಿಟಿಪ್ಪಣಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಸಂಕ್ಷೇಪವಾಗಿ ಟೈಮ್ಸ್ ರೋಮನ್ ಫಾಂಟಿನಲ್ಲಿ `EC` ಎಂದು ಇದ್ದರೆ, ಪೆಟ್ಟಿಗೆಯಿಂದ ಹೊರಬರುವುದು ‘ಇಅ’. ಶಾಸನಸಂಪುಟದ ಆಕರ ಅಲ್ಲಿಗೆ ಅಳಿಯಿತು. ಪಟ್ಟಿಗಳ ಗತಿ ಇನ್ನೂ ವಿಚಿತ್ರ. ವರ್ಡಿನ ಚೌಕಾಕಾರದ ಬುಲೆಟ್ ವಿಂಗ್‌ಡಿಂಗ್ಸ್ ಫಾಂಟಿನದು. ಸಾದಾ ಪಠ್ಯವಾಗಿ ಅಂಟಿಸಿದಾಗ ಅದು `§` ಆಗುತ್ತದೆ. ನುಡಿಯಲ್ಲಿ `§` ಎಂದರೆ ಬ. ಹೀಗೆ ಹಸ್ತಪ್ರತಿಗಳ ಪಟ್ಟಿಯ ಪ್ರತಿಯೊಂದು ಅಂಶದ ಮುಂದೆಯೂ ಒಂದೊಂದು ‘ಬ’ ಬಂದು ಕೂರುತ್ತದೆ. ಮುಂದೊಂದು ದಿನ ಯಾರಾದರೂ ವಿದ್ಯಾರ್ಥಿ ಅದನ್ನು ‘ಬ ಪ್ರತಿ’ ಎಂದು ಓದಿ ಪಾಠಾಂತರ ಗುರುತಿಸಿದರೆ ತಪ್ಪು ಅವನದಲ್ಲ.

ಇನ್ನು ಸಾಲಿನ ಮುರಿತ. ವರ್ಡಿನಲ್ಲಿ ಎಂಟರ್ ಒತ್ತಿದರೆ ಹೊಸ ಪ್ಯಾರಾ. ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಅದೇ ಪ್ಯಾರಾದೊಳಗೆ ಹೊಸ ಸಾಲು. ಎಚ್ಚರವುಳ್ಳ ಬೆರಳಚ್ಚುಗಾರರು ಕಂದಪದ್ಯದ ನಾಲ್ಕು ಸಾಲುಗಳನ್ನು ಎರಡನೆಯ ಬಗೆಯಿಂದ ಮುರಿದು, ಪದ್ಯ ಮುಗಿದಾಗ ಮಾತ್ರ ಮೊದಲನೆಯದನ್ನು ಬಳಸಿರುತ್ತಾರೆ. ಪೆಟ್ಟಿಗೆಗೆ ಬಂದಾಗ ಎರಡೂ ಒಂದೇ ಆಗುತ್ತವೆ. ಪದ್ಯದ ಕೊನೆಯ ಸಾಲಿಗೂ ಅದರ ಮುಂದಿನ ವಚನಕ್ಕೂ ಇದ್ದ ಗಡಿ, ಪದ್ಯದ ಒಂದು ಮತ್ತು ಎರಡನೆಯ ಸಾಲುಗಳ ನಡುವಣ ಗಡಿಗಿಂತ ಭಿನ್ನವಾಗಿ ಕಾಣುವುದಿಲ್ಲ. ಅಷ್ಟಕ್ಕೇ ನಿಲ್ಲದೆ, ಬೇಡದ ಮುರಿತಗಳನ್ನು ತೆಗೆಯುತ್ತೇವೆಂದು ಎಲ್ಲ ಸಾಲುಗಳನ್ನೂ ನಡುವೆ ಒಂದು ತೆರಪು ಕೊಟ್ಟು ಕೂಡಿಸುವವರಿದ್ದಾರೆ. ಹಳಗನ್ನಡ ಪದ್ಯದಲ್ಲಿ ಪಾದದ ಕೊನೆಗೆ ಪದ ಮುಗಿಯಬೇಕೆಂಬ ನಿಯಮವಿಲ್ಲ. ಪದದ ಅರ್ಧ ಈ ಸಾಲಿನಲ್ಲಿ, ಉಳಿದರ್ಧ ಮುಂದಿನ ಸಾಲಿನಲ್ಲಿ ಇರುವುದು ಸಾಮಾನ್ಯ. ತೆರಪು ಕೊಟ್ಟು ಕೂಡಿಸಿದೊಡನೆ ಒಂದು ಪದ ಎರಡು ನಿರರ್ಥಕ ತುಂಡುಗಳಾಗಿ, ಪದಸೂಚಿ ಮಾಡುವವರ ಯಾದಿಯಲ್ಲಿ ಹೊಸ ಶಬ್ದಗಳಾಗಿ ಸೇರಿಕೊಳ್ಳುತ್ತದೆ.

ಇದಕ್ಕೆ ಪರಿಹಾರ ಪೆಟ್ಟಿಗೆಯನ್ನು ಬಿಟ್ಟು ಕಡತದೊಳಗೇ ಪರಿವರ್ತಿಸುವುದು. ವರ್ಡಿನ `.docx` ಕಡತ ಎಂಬುದು ಹಲವು ಕಡತಗಳ ಒಂದು ಗಂಟು. ಅದರೊಳಗೆ ಪ್ರತಿ ಪ್ಯಾರಾಕ್ಕೂ, ಪ್ಯಾರಾದೊಳಗೆ ಒಂದೇ ರೂಪದ ಪ್ರತಿ ತುಣುಕಿಗೂ ಬೇರೆ ಬೇರೆ ಗುರುತುಗಳಿರುತ್ತವೆ. ಪರಿವರ್ತನೆಯ ಅಕ್ಷರಕೋಷ್ಟಕವನ್ನು ಯಾರೂ ಹೊಸದಾಗಿ ಮಾಡಬೇಕಾಗಿಲ್ಲ; ಅರವಿಂದ ವಿ.ಕೆ. ಅವರ `ascii2unicode` ಮುಕ್ತವಾಗಿ ದೊರೆಯುತ್ತದೆ. ಪ್ರೋಗ್ರಾಮು ಬರೆಯಬಲ್ಲವರು ಆ ಕೋಷ್ಟಕವನ್ನು ಪ್ಯಾರಾದಿಂದ ಪ್ಯಾರಾಕ್ಕೆ ನಡೆಸಿ, ನುಡಿ ಫಾಂಟಿರುವ ತುಣುಕುಗಳನ್ನು ಮಾತ್ರ ಬದಲಿಸಿ, ಉಳಿದುದನ್ನು ಮುಟ್ಟದೆ ಬಿಡಬಹುದು. `EC` ಆಗ `EC` ಆಗಿಯೇ ಉಳಿಯುತ್ತದೆ. ಬುಲೆಟ್ಟಿನ ಗುರುತು ಪಠ್ಯದಲ್ಲಿಲ್ಲದೆ ಬೇರೆಡೆ ಇರುವುದರಿಂದ ಅದಕ್ಕೂ ಅಪಾಯವಿಲ್ಲ.

ಆದರೆ ತುಣುಕು ತುಣುಕಾಗಿ ಬದಲಿಸುವಲ್ಲಿಯೂ ಒಂದು ಬಲೆಯಿದೆ. ಕಾಗುಣಿತ ಪರೀಕ್ಷೆಯಿಂದಲೋ ತಿದ್ದುಪಡಿಯಿಂದಲೋ ವರ್ಡ್ ಒಂದೇ ಪದವನ್ನು ಎರಡು ತುಣುಕುಗಳಾಗಿ ಒಡೆದಿಟ್ಟಿರುತ್ತದೆ. ಪರದೆಯ ಮೇಲೆ ಅದು ಕಾಣುವುದಿಲ್ಲ. ‘ಕರ್ನಾಟಕ’ ನುಡಿಯಲ್ಲಿ `PÀ£ÁðlPÀ`. ಕಡತದಲ್ಲಿ ಅದು ಹೀಗಿರಬಹುದು:

```
<w:r><w:t>PÀ£Á</w:t></w:r>
<w:r><w:t>ðlPÀ</w:t></w:r>
```

`ð` ಎಂಬುದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ, ‘ನಾ’ಕ್ಕಿಂತ ಮೊದಲು ‘ರ್’ ಆಗಿ ಬರಬೇಕು. ಎರಡನೆಯ ತುಣುಕನ್ನು ಪ್ರತ್ಯೇಕವಾಗಿ ಬದಲಿಸಿದರೆ ಹಿಂದೆ ದಾಟಲು ‘ನಾ’ ಇಲ್ಲ. ಆಗ ಹುಟ್ಟುವುದೇ ‘ಕನಾರ್ಟಕ’. ಅಂತರಜಾಲದ ಕನ್ನಡವನ್ನು ಓದುವವರಿಗೆ ಈ ಪದವೂ ಇದರ ಸೋದರ ‘ಕಾಯರ್ಕ್ರಮ’ವೂ ಚಿರಪರಿಚಿತ. ಆದ್ದರಿಂದ ಒಂದೇ ಪ್ಯಾರಾದಲ್ಲಿ ಅಕ್ಕಪಕ್ಕದಲ್ಲಿದ್ದು ಒಂದೇ ಫಾಂಟು, ಒಂದೇ ರೂಪ ಉಳ್ಳ ತುಣುಕುಗಳನ್ನು ಮೊದಲು ಕೂಡಿಸಿ ಆನಂತರ ಬದಲಿಸಬೇಕು. ಪ್ಯಾರಾದ ಗಡಿಯನ್ನು ಮಾತ್ರ ಎಂದೂ ದಾಟಬಾರದು.

ಶೀರ್ಷಿಕೆಯ ವಿಷಯದಲ್ಲಿ ಅಪರಾಧ ಪರಿವರ್ತನೆಗಿಂತ ಹಿಂದೆಯೇ ನಡೆದಿರುತ್ತದೆ. ಬಹುಪಾಲು ಡಿ.ಟಿ.ಪಿ. ಕಡತಗಳಲ್ಲಿ ಶೀರ್ಷಿಕೆ ಎಂದರೆ ದಪ್ಪ ಮಾಡಿ 18 ಪಾಯಿಂಟಿಗೆ ಹಿಗ್ಗಿಸಿದ ಸಾಲು, ಅಷ್ಟೆ. ಅದು ಶೀರ್ಷಿಕೆಯೆಂದು ಕಡತಕ್ಕೆ ಯಾರೂ ಹೇಳಿಲ್ಲ. ಕಡತದೊಳಗೇ ಪರಿವರ್ತಿಸಿದರೂ ಇಂಥ ಸಾಲು ಇದ್ದಕ್ಕಿದ್ದಂತೆ ಚಿಕ್ಕದಾಗಿ, ತೆಳುವಾಗಿ ಪಠ್ಯದೊಡನೆ ಬೆರೆಯುವುದುಂಟು. ಕಾರಣ ಸರಳ. ವರ್ಡ್ ಐರೋಪ್ಯ ಲಿಪಿಯ ಗಾತ್ರವನ್ನು `w:sz`, ದಪ್ಪವನ್ನು `w:b` ಎಂಬ ಗುರುತಿನಿಂದ ತಿಳಿಯುತ್ತದೆ. ಕನ್ನಡದಂಥ ಲಿಪಿಗೆ ಅದು ನೋಡುವುದು `w:szCs` ಮತ್ತು `w:bCs`. ಹಳೆಯ ಪಠ್ಯ ವರ್ಡಿನ ಲೆಕ್ಕದಲ್ಲಿ ಐರೋಪ್ಯವಾಗಿತ್ತು, ಈಗ ಕನ್ನಡವಾಯಿತು. ಹಳೆಯ ಗುರುತು ಇದ್ದಲ್ಲಿಯೇ ಇದ್ದರೂ ಯಾರೂ ಅದನ್ನು ಕೇಳುವುದಿಲ್ಲ. ಆದುದರಿಂದ ಪರಿವರ್ತನೆಗೆ ಮೊದಲೇ, ನುಡಿ ಕಡತದಲ್ಲಿಯೇ, ಗಾತ್ರ ಮತ್ತು ದಪ್ಪವನ್ನು ಹುಡುಕಿ ಅಂಥ ಸಾಲುಗಳಿಗೆಲ್ಲ ಶೀರ್ಷಿಕೆಯ ಶೈಲಿಯನ್ನು ಹಚ್ಚಬೇಕು: ಆಶ್ವಾಸಕ್ಕೆ `Heading 1`, ಒಳಪ್ರಕರಣಕ್ಕೆ `Heading 2`. ಗಾತ್ರ ಹೋದರೂ ಶೈಲಿಯ ಹೆಸರು ಪ್ಯಾರಾಕ್ಕೆ ಅಂಟಿಕೊಂಡೇ ಇರುತ್ತದೆ.

ಇಷ್ಟೆಲ್ಲ ಮಾಡಲು ಸಮಯವಿಲ್ಲ, ಹಣವಿಲ್ಲ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲದಿಲ್ಲ. ಆದರೆ ಆಮೇಲೆ ಕೈಯಿಂದ ಸರಿಪಡಿಸುತ್ತೇವೆ ಎನ್ನುವವರು ಲೆಕ್ಕ ತಪ್ಪಿದ್ದಾರೆ. ಶೈಲಿ ಹಚ್ಚುವುದು ಒಂದು ಸಂಜೆಯ ಕೆಲಸ. ಕಳೆದುಹೋದ ಗಡಿಗಳನ್ನು ಮರಳಿ ಹಾಕುವುದೆಂದರೆ ಮುದ್ರಿತ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಸಂಪಾದಿಸುವುದು. ಅದನ್ನು ಯಾರೂ ಮಾಡುವುದಿಲ್ಲ. ಇನ್ನು ಕೆಲವರು ಯೂನಿಕೋಡ್ ಬಂದಿತೆಂದು ನುಡಿಯ ಮೂಲ ಕಡತವನ್ನೇ ಅಳಿಸುತ್ತಾರೆ. ಪಡಿಯಚ್ಚು ತೆಗೆದು ತಾಳೆಗರಿಯನ್ನು ಒಲೆಗೆ ಹಾಕಿದಂತೆ ಇದು.

ಕೆಲಸ ಸರಿಯಾಗಿದೆಯೆ ಎಂದು ತಿಳಿಯಲು ಸಂಪಾದಕರು ತಂತ್ರಜ್ಞರಾಗಬೇಕಿಲ್ಲ. ಹಳೆಯ ಮತ್ತು ಹೊಸ ಕಡತಗಳಲ್ಲಿ ಪ್ಯಾರಾ, ಶೀರ್ಷಿಕೆ, ಪಟ್ಟಿಯ ಅಂಶ, ಅಡಿಟಿಪ್ಪಣಿಗಳ ಸಂಖ್ಯೆ ಒಂದೇ ಇರಬೇಕು. ಅಂಗಡಿಗೆ ಹಣ ಕೊಡುವ ಮೊದಲು ಈ ನಾಲ್ಕು ಲೆಕ್ಕಗಳನ್ನು ಕೇಳಬೇಕು. ಹೊಸ ಕಡತದಲ್ಲಿ `À` ಎಂದು ಹುಡುಕಬೇಕು. ನುಡಿಯಲ್ಲಿ ಈ ಸಂಕೇತವಿಲ್ಲದೆ ಒಂದು ಸಾಲು ಸಾಗುವುದು ಕಷ್ಟ. ಒಂದೇ ಒಂದು ಉಳಿದಿದ್ದರೂ ಅಲ್ಲಿ ಯಾವುದೋ ಭಾಗ ಬದಲಾಗದೆ ಉಳಿದಿರುವ ಸಂಭವ ಹೆಚ್ಚು. ಸಾಮಾನ್ಯವಾಗಿ ಅದು ಅಡಿಟಿಪ್ಪಣಿಯಲ್ಲಿಯೋ ಕೋಷ್ಟಕದಲ್ಲಿಯೋ ಸಿಗುತ್ತದೆ. `.docx`ನಲ್ಲಿ ಅಡಿಟಿಪ್ಪಣಿಗಳು `footnotes.xml` ಎಂಬ ಬೇರೆ ಕಡತದಲ್ಲಿರುವುದರಿಂದ ಮುಖ್ಯ ಪಠ್ಯವನ್ನು ಮಾತ್ರ ನೋಡುವ ಪ್ರೋಗ್ರಾಮು ಅವನ್ನು ಮುಟ್ಟುವುದೇ ಇಲ್ಲ.

ಪದ್ಯದ ಸಾಲುಗಳಿಗಂತೂ ಛಂದಸ್ಸೇ ಸಾಕ್ಷಿ. ಕಂದದ ಒಂದು ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯದಕ್ಕೆ 20. ಒಂದು ಸಾಲಿಗೆ 32 ಮಾತ್ರೆ ಬಂದರೆ ಎರಡು ಸಾಲುಗಳು ಕೂಡಿಕೊಂಡಿವೆ. ಎಲ್ಲಿ ಒಡೆಯಬೇಕೆಂಬುದನ್ನು ದ್ವಿತೀಯಾಕ್ಷರ ಪ್ರಾಸ ತೋರಿಸುತ್ತದೆ: 12 ಅಥವಾ 20 ಮಾತ್ರೆ ಕಳೆದ ಮೇಲೆ ಬರುವ ಎರಡನೆಯ ಅಕ್ಷರದ ವ್ಯಂಜನ, ಸಾಲಿನ ಆರಂಭದ ಎರಡನೆಯ ಅಕ್ಷರದ ವ್ಯಂಜನಕ್ಕೆ ಹೊಂದಬೇಕು. ಒಂದು ಆಶ್ವಾಸದಿಂದ ಹತ್ತು ಕಂದಗಳನ್ನು ಹೀಗೆ ಎಣಿಸಲು ಅರ್ಧ ಗಂಟೆಯೂ ಬೇಕಾಗದು, ಅದಕ್ಕೆ ಗಣಕವೂ ಬೇಡ.