ಊರು ಕೊಡುವ ಹೆಸರು ಸೂರ್ಯರಾಶಿಯಲ್ಲಿಲ್ಲ

ಹುಟ್ಟಿದ ತಾರೀಖೊಂದನ್ನೇ ಕೇಳಿ ಉದ್ಯೋಗ ಸೂಚಿಸುವ ಪತ್ರಿಕಾ ಬರಹಗಳು ಈಗ ಎಲ್ಲೆಲ್ಲೂ ಸಿಗುತ್ತವೆ. ಅಕ್ಟೋಬರ್ ಮಧ್ಯದಲ್ಲಿ ಹುಟ್ಟಿದವರು ತುಲಾದವರು, ಅವರಿಗೆ ರಾಯಭಾರ, ಸಂಧಾನ, ಅಲಂಕಾರದ ಕೆಲಸ ಒಗ್ಗುತ್ತದೆ ಎನ್ನುತ್ತವೆ. ನಮ್ಮ ಮನೆಗಳಲ್ಲಿ ರಾಶಿ ಎಂದರೆ ಚಂದ್ರನಿರುವ ರಾಶಿ; ಇಲ್ಲಿ ಹೇಳುತ್ತಿರುವುದು ಪಾಶ್ಚಾತ್ಯರ ಸೂರ್ಯರಾಶಿ. ಸೂರ್ಯ ಒಂದು ರಾಶಿಯಲ್ಲಿ ಒಂದು ತಿಂಗಳು ಇರುತ್ತಾನೆ. ಆ ತಿಂಗಳು ಹುಟ್ಟಿದವರಿಗೆಲ್ಲ ಒಂದೇ ವೃತ್ತಿ ಹಂಚುವುದನ್ನು ಜ್ಯೋತಿಷ ಎಂದು ಕರೆಯುವುದೇ ತಪ್ಪು.

ವೃತ್ತಿಯನ್ನು ನೋಡಲು ಆ ಶಾಸ್ತ್ರದ ಒಳಗೇ ಬೇರೆ ಸ್ಥಾನವಿದೆ. ಹುಟ್ಟಿದ ಕ್ಷಣದಲ್ಲಿ ಆ ಊರಿನ ದಕ್ಷಿಣೋತ್ತರ ರೇಖೆಯನ್ನು ಸೂರ್ಯಪಥವು ದಿಗಂತದ ಮೇಲೆ ದಾಟುವ ಬಿಂದುವಿಗೆ ಪಾಶ್ಚಾತ್ಯರು ಮಿಡ್‌ಹೆವನ್ ಎನ್ನುತ್ತಾರೆ. ನಮ್ಮವರ ದಶಮ ಲಗ್ನವೂ ಅದೇ. ಅದು ಸುಮಾರು ನಾಲ್ಕು ನಿಮಿಷಕ್ಕೊಂದು ಅಂಶ ಸರಿಯುತ್ತದೆ, ಹೆಚ್ಚುಕಡಿಮೆ ಎರಡು ಗಂಟೆಗೊಮ್ಮೆ ರಾಶಿ ಬದಲಿಸುತ್ತದೆ. ಒಂದೇ ದಿನ ಹುಟ್ಟಿದವರಲ್ಲೂ ಹನ್ನೆರಡು ಬಗೆ. ನಾನು ಅದನ್ನು ಓದುವುದು ವೃತ್ತಿಯ ಪಟ್ಟಿಯಾಗಿ ಅಲ್ಲ. ನೀವು ಯಾರೆಂದು ಹತ್ತಿರದಿಂದ ತಿಳಿಯದ ಜನ ನಿಮ್ಮನ್ನು ಯಾವ ಗುಣದಿಂದ ಗುರುತಿಸುತ್ತಾರೆ ಎಂಬುದನ್ನು ಆ ರಾಶಿ ಹೇಳುತ್ತದೆ.

ಮಾರ್ಗರೆಟ್ ಥ್ಯಾಚರ್ ಅವರ ಜಾತಕ ನೋಡಿ. ಹುಟ್ಟಿದ್ದು 1925ರ ಅಕ್ಟೋಬರ್ 13, ಇಂಗ್ಲೆಂಡಿನ ಗ್ರಾಂಥಮ್‌ನಲ್ಲಿ. ಜ್ಯೋತಿಷಿಗಳು ಬಳಸುವ ವೇಳೆ ಬೆಳಿಗ್ಗೆ 9. ಸಾಯನ ಲೆಕ್ಕದಲ್ಲಿ ಸೂರ್ಯ ತುಲಾದಲ್ಲಿ, ಮಿಡ್‌ಹೆವನ್ ಕನ್ಯಾ ರಾಶಿಯ ಸುಮಾರು 4ನೇ ಅಂಶದಲ್ಲಿ. ಪತ್ರಿಕೆಯ ಸಲಹೆಯಂತೆ ಅವರು ಎಲ್ಲರನ್ನೂ ಒಪ್ಪಿಸಿ ಸಾಗುವ ಸಂಧಾನಕಾರರಾಗಬೇಕಿತ್ತು. ಅವರೋ, ಎಲ್ಲರ ಒಮ್ಮತಕ್ಕೆ ಕಾಯುವ ರಾಜಕೀಯವನ್ನೇ ಬಹಿರಂಗವಾಗಿ ಹೀಗಳೆದವರು. ಮೊದಲು ರಸಾಯನಶಾಸ್ತ್ರಜ್ಞೆ, ಆಮೇಲೆ ತೆರಿಗೆ ವಕೀಲೆ, ಕೊನೆಗೆ ಪ್ರಧಾನಿ. ಕೆಲಸ ಎರಡು ಬಾರಿ ಬದಲಾಯಿತು. ಜನ ಗುರುತಿಸಿದ ಗುಣ ಮಾತ್ರ ಬದಲಾಗಲಿಲ್ಲ. ಕಿರಾಣಿ ಅಂಗಡಿಯವರ ಮಗಳು, ದೇಶದ ಬೊಕ್ಕಸವನ್ನು ಗೃಹಿಣಿಯ ಪರ್ಸಿನಂತೆ ಲೆಕ್ಕ ಹಾಕುವವರು, ಕಡತದ ಸಾಲುಗಳಿಗೆ ಪೆನ್ನಿನಿಂದ ಅಡಿಗೆರೆ ಎಳೆದು ಅಂಚಿನಲ್ಲಿ ಟಿಪ್ಪಣಿ ಬರೆಯುವವರು. ಆ ಕಾಗದಗಳು ಇಂದಿಗೂ ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನಲ್ಲಿವೆ. ಲೆಕ್ಕ, ತಪಾಸಣೆ, ಮಿತವ್ಯಯ, ದುಡಿಮೆ ಎಲ್ಲವೂ ಕನ್ಯಾದ ಗುಣಗಳೇ.

ಜನ ಕೊಡುವ ಹೆಸರು ನಾವು ಆರಿಸಿಕೊಂಡದ್ದೇ ಆಗಬೇಕಿಲ್ಲ. 1971ರಲ್ಲಿ ಶಿಕ್ಷಣ ಸಚಿವೆಯಾಗಿದ್ದಾಗ ಏಳು ವರ್ಷ ದಾಟಿದ ಶಾಲಾಮಕ್ಕಳಿಗೆ ಸಿಗುತ್ತಿದ್ದ ದಿನದ ಮೂರನೇ ಒಂದು ಪೈಂಟ್ ಉಚಿತ ಹಾಲನ್ನು ಅವರು ನಿಲ್ಲಿಸಿದರು. ಜನ ಅವರನ್ನು ಹಾಲುಗಳ್ಳಿ ಎಂದರು. ಕನ್ಯಾದ ಮಿತವ್ಯಯವೇ ಬೈಗುಳವಾಗಿ ತಿರುಗಿಬಂದದ್ದು ಹೀಗೆ. ಇನ್ನು 1976ರಲ್ಲಿ ಸೋವಿಯತ್ ಸೇನೆಯ ಪತ್ರಿಕೆ ಕೊಟ್ಟ ‘ಉಕ್ಕಿನ ಮಹಿಳೆ’ ಎಂಬ ಹೆಸರನ್ನು ನಾನು ದಶಮಕ್ಕೆ ಎಳೆಯುವುದಿಲ್ಲ; ಅವರ ವೃಶ್ಚಿಕ ಲಗ್ನದಲ್ಲಿ ಶನಿ ಕೂತಿದ್ದಾನೆ, ಅದು ಅವನ ಪಾಲು. ಎಲ್ಲ ಬಿರುದನ್ನೂ ಒಂದೇ ಬಿಂದುವಿಗೆ ಕಟ್ಟಿದರೆ ಸೂರ್ಯರಾಶಿಯವರ ತಪ್ಪನ್ನೇ ಮಾಡಿದಂತೆ.

ನಾನು ಗೌರವಿಸುವ ಆಕ್ಷೇಪವೊಂದಿದೆ. ಥ್ಯಾಚರ್ ಇನ್ನೊಂದು ಕಾಲು ಗಂಟೆ ಮೊದಲು ಹುಟ್ಟಿದ್ದರೆ ಮಿಡ್‌ಹೆವನ್ ಸಿಂಹದಲ್ಲಿ ಬೀಳುತ್ತಿತ್ತು; ಆಗ ನೀವು ಸಿಂಹದ ಗತ್ತನ್ನು ವರ್ಣಿಸುತ್ತಿದ್ದಿರಿ, ಬದುಕು ತಿಳಿದ ಮೇಲೆ ಯಾವ ರಾಶಿಯನ್ನಾದರೂ ಹೊಂದಿಸಬಹುದು ಎನ್ನುತ್ತಾರೆ. ಈ ಮಾತು ನಿಜ. ಸರಿಯಾಗಿ ಒಂಬತ್ತು ಎಂಬ ವೇಳೆಯೇ ಯಾರೋ ಅಂದಾಜಿಗೆ ದುಂಡಾಗಿಸಿದ್ದಿರಬಹುದೆಂಬ ಸಂಶಯ ಹುಟ್ಟಿಸುತ್ತದೆ. ನಿರಯನದಲ್ಲಂತೂ ಅಯನಾಂಶ ಕಳೆದರೆ ಅವರ ದಶಮ ಸಿಂಹಕ್ಕೇ ಬರುತ್ತದೆ, ಸೂರ್ಯ ಕನ್ಯಾಕ್ಕೆ ಸರಿಯುತ್ತಾನೆ. ಹಾಗಾಗಿ ಒಂದು ಜಾತಕದಿಂದ ಇದು ಸಾಬೀತಾಯಿತೆಂದು ನಾನು ಹೇಳುವುದಿಲ್ಲ. ಆದರೆ ನಾನು ಓದುವ ಬಿಂದು ಕಾಲು ಗಂಟೆಗೆ ತಪ್ಪಾಗಬಲ್ಲದು, ತಪ್ಪಾದದ್ದನ್ನು ತೋರಿಸಿಕೊಡಲೂಬಹುದು. ಇಡೀ ತಿಂಗಳಿಗೆ ಹೇಳಿದ ಮಾತನ್ನು ಹಾಗೆ ಹಿಡಿಯಲು ಯಾರಿಗೂ ಆಗುವುದಿಲ್ಲ.

ಆದ್ದರಿಂದಲೇ ವೇಳೆ ಗೊತ್ತಿಲ್ಲದವರ ಜಾತಕವನ್ನು ಮಧ್ಯಾಹ್ನ 12ಕ್ಕೆ ಹಾಕುವ ರೂಢಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಮಧ್ಯಾಹ್ನ ಸೂರ್ಯ ನೆತ್ತಿಯ ರೇಖೆಯ ಹತ್ತಿರವೇ ಇರುತ್ತಾನೆ. ಹಾಗಾಗಿ ಅಂಥ ಕುಂಡಲಿಯಲ್ಲಿ ಬಹುತೇಕ ಎಲ್ಲರ ಮಿಡ್‌ಹೆವನ್ನೂ ಅವರವರ ಸೂರ್ಯರಾಶಿಯಲ್ಲೋ ಅದರ ಪಕ್ಕದಲ್ಲೋ ಬೀಳುತ್ತದೆ, ಪತ್ರಿಕೆಯ ಸಲಹೆಗೆ ಹಿಂಬಾಗಿಲಿನಿಂದ ಶಾಸ್ತ್ರದ ಮುದ್ರೆ ಬೀಳುತ್ತದೆ. ವೇಳೆ ತಿಳಿಯದಿದ್ದರೆ ಗ್ರಹಗಳ ರಾಶಿಯನ್ನಷ್ಟೇ ಬರೆದುಕೊಡಿ. ದಶಮದ ಮನೆಯನ್ನು ಖಾಲಿ ಬಿಡಿ.