ಆರನೆಯ ವಾಕ್ಯದಲ್ಲಿ ಅಡಗಿದ ಮಾತು

ನಗರದ ಮಕ್ಕಳಿಗೆ ಕನ್ನಡದಲ್ಲಿ ನಾಲ್ಕು ವಾಕ್ಯ ನೆಟ್ಟಗೆ ಬರೆಯಲು ಬರುವುದಿಲ್ಲ ಎಂಬುದು ಇಂದು ಬಹುಮಟ್ಟಿಗೆ ಎಲ್ಲರೂ ಒಪ್ಪಿಕೊಂಡಿರುವ ಮಾತು. ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲ, ವಿಭಕ್ತಿಯ ದೋಷ, ಇಂಗ್ಲಿಷ್ ಪದಗಳ ಬೆರಕೆ ಎಂದು ಕಾರಣಗಳ ಪಟ್ಟಿ ಬೆಳೆಯುತ್ತದೆ. ಮನೆಮಾತು ಕನ್ನಡವಲ್ಲದ ಮಗುವಾದರಂತೂ ಆ ಪಟ್ಟಿಯ ಅಗತ್ಯವೂ ಬೀಳದು. ಕಾರಣ ಅಲ್ಲೇ ಸಿಕ್ಕಿಬಿಡುತ್ತದೆ. ಆದರೆ ವಿದ್ಯಾರ್ಥಿಗಳ ಪ್ರಬಂಧಗಳನ್ನು ಸಾಲುಸಾಲಾಗಿ ಓದುವವರಿಗೆ ಬೇರೊಂದು ಸಂಗತಿ ಕಾಣುತ್ತದೆ. ನಾಲ್ಕು ವಾಕ್ಯಗಳು ನೆಟ್ಟಗೇ ಇರುತ್ತವೆ. ನೆಟ್ಟಗಿಲ್ಲದಿರುವುದು ಅವು ಕೂಡಿ ಆಗಬೇಕಾದ ಪ್ಯಾರಾ.

ಕಮ್ಮನಹಳ್ಳಿಯಲ್ಲಿ ಸಂಜೆಯ ಹೊತ್ತು ಪ್ರೌಢಶಾಲೆಯ ಮಕ್ಕಳಿಗೆ ನಾನು ಪ್ರಬಂಧ ರಚನೆ ಹೇಳಿಕೊಡುತ್ತೇನೆ. ತಮಿಳು, ಮಲಯಾಳಂ, ತೆಲುಗು ಮನೆಮಾತಿನ ಮಕ್ಕಳೇ ಅವರಲ್ಲಿ ಹೆಚ್ಚು. ಅವರಲ್ಲೊಬ್ಬ ಹುಡುಗ ‘ನಮ್ಮ ಬಡಾವಣೆಯ ಸಮಸ್ಯೆಗಳು’ ಎಂಬ ವಿಷಯದ ಮೇಲೆ ಶಾಲೆಯಲ್ಲಿ ಬರೆದ ಪ್ರಬಂಧವನ್ನು ತಂದು ತೋರಿಸಿದ. ಮೊದಲ ಪ್ಯಾರಾದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಭಾಷೆ ಸುಧಾರಿಸಬೇಕು’ ಎಂದು ಬರೆದಿತ್ತು. ಆ ಪ್ಯಾರಾವನ್ನು, ಚರ್ಚೆಯ ಅನುಕೂಲಕ್ಕಾಗಿ ವಾಕ್ಯಗಳಿಗೆ ಸಂಖ್ಯೆ ಕೊಟ್ಟು, ಇಲ್ಲಿಡುತ್ತಿದ್ದೇನೆ:

“(1) ಕಮ್ಮನಹಳ್ಳಿಯು ಬೆಂಗಳೂರಿನ ಪೂರ್ವಭಾಗದಲ್ಲಿರುವ ಒಂದು ಜನನಿಬಿಡ ಬಡಾವಣೆ. (2) ಇಲ್ಲಿನ ಮುಖ್ಯರಸ್ತೆಯಲ್ಲಿ ಬಟ್ಟೆ ಅಂಗಡಿಗಳೂ ಹೋಟೆಲುಗಳೂ ಸಾಲಾಗಿವೆ. (3) ಹೋಟೆಲುಗಳಲ್ಲಿ ಕೇರಳದ ತಿಂಡಿಯಿಂದ ಹಿಡಿದು ಹೊರದೇಶಗಳ ಅಡುಗೆಯವರೆಗೆ ಎಲ್ಲವೂ ಸಿಗುತ್ತದೆ. (4) ಹೊರದೇಶಗಳಿಂದ ಓದಲು ಬಂದ ವಿದ್ಯಾರ್ಥಿಗಳೂ ಇಲ್ಲಿ ವಾಸವಾಗಿದ್ದಾರೆ. (5) ವಿದ್ಯಾರ್ಥಿಗಳಿಗೆ ಬಾಡಿಗೆ ಮನೆ ಸಿಗುವುದು ಕಷ್ಟ, ಏಕೆಂದರೆ ಮುಂಗಡ ಹಣ ಹೆಚ್ಚು ಕೇಳುತ್ತಾರೆ. (6) ಸಂಜೆ ಅಂಗಡಿಗಳ ಮುಂದೆ ಬೈಕುಗಳನ್ನು ಫುಟ್‌ಪಾತ್ ಮೇಲೆಯೇ ನಿಲ್ಲಿಸುವುದರಿಂದ ನಡೆಯುವವರು ರಸ್ತೆಗೆ ಇಳಿಯಬೇಕಾಗುತ್ತದೆ. (7) ನನ್ನ ಅಜ್ಜಿ ಸಂಜೆ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. (8) ಚರ್ಚಿನ ಹಬ್ಬದಲ್ಲಿ ರಸ್ತೆಗೆಲ್ಲ ದೀಪಾಲಂಕಾರ ಮಾಡುತ್ತಾರೆ. (9) ಆದ್ದರಿಂದ ನಾವೆಲ್ಲರೂ ನಮ್ಮ ಬಡಾವಣೆಯನ್ನು ಸ್ವಚ್ಛವಾಗಿಡಬೇಕು.”

ಇಲ್ಲಿ ಭಾಷೆಯ ತಪ್ಪು ಎಲ್ಲಿದೆ? ಕಾಗುಣಿತ ಸರಿಯಾಗಿದೆ. ಕರ್ತೃ, ಕರ್ಮ, ಕ್ರಿಯಾಪದಗಳು ಒಂದಕ್ಕೊಂದು ಹೊಂದಿಕೊಂಡಿವೆ. ‘ಸುಧಾರಿಸಬೇಕು’ ಎಂಬ ಷರಾ ಬರೆದವರಿಗೆ ಏನೋ ಸರಿಯಿಲ್ಲ ಎಂದು ಅನ್ನಿಸಿದ್ದು ನಿಜ. ಆದರೆ ರೋಗ ಒಂದಾದರೆ ಹೆಸರಿಸಿದ್ದು ಮತ್ತೊಂದನ್ನು. ಈ ಷರಾವನ್ನು ನಂಬಿದ ಹುಡುಗ ಮನೆಗೆ ಹೋಗಿ ವ್ಯಾಕರಣದ ಪುಸ್ತಕ ತೆರೆಯುತ್ತಾನೆ. ಅವನ ಮುಂದಿನ ಪ್ರಬಂಧ ಹೀಗೆಯೇ ಇರುತ್ತದೆ. ಕೊನೆಗೆ ಕನ್ನಡ ತನಗೆ ಒಲಿಯುವ ಭಾಷೆಯಲ್ಲ ಎಂದು ತೀರ್ಮಾನಿಸುತ್ತಾನೆ.

ನಿಜವಾದ ರೋಗ ಕಾಣಬೇಕಾದರೆ ವಾಕ್ಯವಾಕ್ಯಗಳ ನಡುವಿನ ಕೊಂಡಿಗಳನ್ನು ನೋಡಬೇಕು. ಎರಡನೆಯ ವಾಕ್ಯದ ‘ಹೋಟೆಲು’ ಮೂರನೆಯದನ್ನು ಎಳೆದು ತಂದಿದೆ. ಮೂರನೆಯದರ ‘ಹೊರದೇಶ’ ನಾಲ್ಕನೆಯದನ್ನು ತಂದಿದೆ. ನಾಲ್ಕನೆಯದರ ‘ವಿದ್ಯಾರ್ಥಿ’ ಐದನೆಯದನ್ನೂ, ಏಳನೆಯದರ ‘ಚರ್ಚು’ ಎಂಟನೆಯದನ್ನೂ ಕರೆದಿವೆ. ಪ್ರತಿಯೊಂದು ವಾಕ್ಯವೂ ತನ್ನ ಹಿಂದಿನ ವಾಕ್ಯದ ಕೈ ಹಿಡಿದಿದೆ. ಆದರೆ ಎಲ್ಲವೂ ಸೇರಿ ಯಾವುದನ್ನೂ ಹಿಡಿದಿಲ್ಲ. ಅಂತ್ಯಾಕ್ಷರಿಯಲ್ಲಿ ಒಂದು ಹಾಡಿನ ಕೊನೆಯ ಅಕ್ಷರದಿಂದ ಮತ್ತೊಂದು ಹಾಡು ಹುಟ್ಟುವ ಬಗೆಯಿದು. ಅಲ್ಲಿ ಸರಪಳಿ ಇರುತ್ತದೆ, ವಿಷಯ ಇರುವುದಿಲ್ಲ. ಬರೆದವನಿಗೆ ತನ್ನ ತಪ್ಪು ಕಾಣದಿರುವುದಕ್ಕೂ ಇದೇ ಕಾರಣ. ತಿರುಗಿ ಓದಿದಾಗ ಪ್ರತಿ ಹೆಜ್ಜೆಯೂ ಸಹಜವಾಗಿಯೇ ತೋರುತ್ತದೆ. ಮೊದಲನೆಯ ಮತ್ತು ಎಂಟನೆಯ ವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಎಷ್ಟು ದೂರ ಬಂದಿದ್ದೇವೆ ಎಂಬುದು ತಿಳಿಯುತ್ತದೆ.

ಈ ಸರಪಳಿ ಒಂದೇ ಒಂದು ಕಡೆ ಥಟ್ಟನೆ ತುಂಡಾಗಿದೆ: ಐದು ಮತ್ತು ಆರನೆಯ ವಾಕ್ಯಗಳ ನಡುವೆ. ಮುಂಗಡ ಹಣಕ್ಕೂ ಬೈಕುಗಳಿಗೂ ಯಾವ ಪದದ ಕೊಂಡಿಯೂ ಇಲ್ಲ. ಸಾಮಾನ್ಯವಾಗಿ ಶಿಕ್ಷಕರು ಇಂಥ ಕಡೆಯಲ್ಲೇ ‘ಸಂಬಂಧವಿಲ್ಲ’ ಎಂದು ಗೆರೆ ಎಳೆಯುತ್ತಾರೆ. ನನ್ನ ಅನುಭವದಲ್ಲಿ ಗಮನಿಸಬೇಕಾದ ಸ್ಥಳ ಇದೇ. ಪದದಿಂದ ಪದಕ್ಕೆ ಜಾರುತ್ತಿದ್ದ ಹುಡುಗ ಇಲ್ಲಿ ಜಾರುವುದನ್ನು ಬಿಟ್ಟು, ತನಗೆ ನಿಜವಾಗಿ ಹೇಳಬೇಕೆನಿಸಿದ್ದನ್ನು ಹೇಳಿದ್ದಾನೆ. ಮುಂದಿನ ವಾಕ್ಯದಲ್ಲೇ ಅವನ ಅಜ್ಜಿ ಬಂದಿರುವುದು ಅದಕ್ಕೆ ಸಾಕ್ಷಿ. ಬರೆಯುತ್ತ ಬರೆಯುತ್ತಲೇ ಮನುಷ್ಯ ತನ್ನ ಅಭಿಪ್ರಾಯವನ್ನು ಕಂಡುಕೊಳ್ಳುತ್ತಾನೆ. ಆದ್ದರಿಂದ ಮೊದಲ ಕರಡಿನಲ್ಲಿ ಮುಖ್ಯವಾದ ಮಾತು ಆರನೆಯ ವಾಕ್ಯದಲ್ಲಿ ಸಿಗುವುದು ತಪ್ಪೇನಲ್ಲ. ಸಿಕ್ಕಿದ ಮೇಲೂ ಅದನ್ನು ಅಲ್ಲಿಯೇ ಬಿಡುವುದು ತಪ್ಪು.

ಪ್ಯಾರಾದ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಿ, ಉಳಿದ ವಾಕ್ಯಗಳನ್ನು ಅದಕ್ಕೆ ದುಡಿಸಬೇಕೆಂಬ ನಿಯಮ ಬಹಳ ಹಳೆಯದೇನಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1866ರಲ್ಲಿ ಪ್ರಕಟಿಸಿದ ಇಂಗ್ಲಿಷ್ ರಚನಾ ಪಾಠದ ಪುಸ್ತಕದಲ್ಲಿ ಪ್ಯಾರಾಕ್ಕೆ ಕೆಲವು ನಿಯಮಗಳನ್ನು ಕ್ರಮಬದ್ಧವಾಗಿ ಹೇಳಿದ. ಆರಂಭದ ವಾಕ್ಯ ವಿಷಯವನ್ನು ಸೂಚಿಸಬೇಕು, ಪ್ಯಾರಾದಲ್ಲಿ ಏಕತೆ ಇರಬೇಕು ಎಂಬುವು ಅವುಗಳಲ್ಲಿ ಸೇರಿದ್ದವು. ನಮ್ಮ ಶಾಲೆಗಳಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಇಡೀ ಪ್ರಬಂಧದ ಅಂಗಗಳನ್ನು ತಪ್ಪದೆ ಕಲಿಸುತ್ತಾರೆ. ನಡುವಿನ ಒಂದೊಂದು ಪ್ಯಾರಾ ಹೇಗೆ ನಿಲ್ಲಬೇಕೆಂಬುದನ್ನು ಕಲಿಸುವುದು ಕಡಿಮೆ. ಗಾದೆ ವಿಸ್ತರಣೆಯನ್ನೇ ನೋಡಿ. ಯಾವ ಗಾದೆ ಕೊಟ್ಟರೂ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಆರಂಭಿಸುವ ಮಕ್ಕಳು ಎಷ್ಟಿಲ್ಲ? ಯಾವ ಗಾದೆಗೂ ಹೊಂದುವ ಆ ವಾಕ್ಯ ಕೊಟ್ಟ ಗಾದೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನಮ್ಮ ಹುಡುಗನ ಮೊದಲ ವಾಕ್ಯವೂ ಅದೇ ಜಾತಿಯದು. ‘ಕಮ್ಮನಹಳ್ಳಿ ಜನನಿಬಿಡ ಬಡಾವಣೆ’ ಎಂಬುದು ವಿಷಯದ ಹೆಸರು ಮಾತ್ರ. ಅದು ಯಾವ ವಾಕ್ಯವನ್ನೂ ಹೊರಗಿಡುವುದಿಲ್ಲ. ಹೋಟೆಲು, ಬಾಡಿಗೆ, ದೀಪಾಲಂಕಾರ ಎಲ್ಲಕ್ಕೂ ಬಾಗಿಲು ತೆರೆದೇ ಇದೆ. ಮುಖ್ಯವಾಕ್ಯದ ಲಕ್ಷಣವೆಂದರೆ ಅದನ್ನು ಓದಿದೊಡನೆ ‘ಅದು ಹೇಗೆ?’ ಅಥವಾ ‘ಅದೇಕೆ?’ ಎಂಬ ಪ್ರಶ್ನೆ ಏಳಬೇಕು. ಆ ಪ್ರಶ್ನೆಗೆ ಉತ್ತರವಾಗುವ ವಾಕ್ಯಗಳು ಮಾತ್ರ ಒಳಗೆ ಬರಬೇಕು.

ಆ ಹುಡುಗನಿಗೆ ನಾನು ಹೇಳಿದ ಕೆಲಸ ಸರಳವಾದದ್ದು. ಪ್ರತಿ ವಾಕ್ಯದ ಎದುರು ಅದು ಯಾವುದರ ಬಗ್ಗೆ ಇದೆ ಎಂದು ಎರಡು ಮೂರು ಪದಗಳಲ್ಲಿ ಬರೆಯುವುದು. ಬಡಾವಣೆ, ಅಂಗಡಿ, ಊಟ, ವಿದ್ಯಾರ್ಥಿಗಳು, ಬಾಡಿಗೆ, ಫುಟ್‌ಪಾತ್, ಅಜ್ಜಿ, ಹಬ್ಬ, ಸ್ವಚ್ಛತೆ ಎಂದು ಒಂಬತ್ತು ಹೆಸರುಗಳು ಸಾಲಾಗಿ ನಿಂತವು. ನಾನೇನೂ ಹೇಳಬೇಕಾಗಲಿಲ್ಲ; ಅವನೇ ನಕ್ಕ. ‘ಇವುಗಳಲ್ಲಿ ಯಾವುದು ಸಮಸ್ಯೆ?’ ಎಂದು ಕೇಳಿದೆ. ‘ಬಾಡಿಗೆ, ಫುಟ್‌ಪಾತ್’ ಎಂದ. ‘ಯಾವುದಕ್ಕೆ ನಿನ್ನ ಹತ್ತಿರ ಇನ್ನೊಂದು ವಾಕ್ಯದ ಆಧಾರ ಇದೆ?’ ಎಂದೆ. ‘ಫುಟ್‌ಪಾತಿಗೆ ಸಾರ್, ಅಜ್ಜಿ ಇದ್ದಾರಲ್ಲ’ ಎಂದ. ಮುಖ್ಯವಾಕ್ಯ ಸಿಕ್ಕಿದಂತಾಯಿತು. ಉಳಿದವುಗಳನ್ನು ಅದರ ಮುಂದೆ ಒಂದೊಂದಾಗಿ ನಿಲ್ಲಿಸಿ ವಿಚಾರಿಸಿದೆವು. ಅಂಗಡಿಗಳ ವಾಕ್ಯ ಬೈಕುಗಳು ಬರುವುದಕ್ಕೆ ಕಾರಣವಾದ್ದರಿಂದ ಉಳಿಯಿತು. ಬಾಡಿಗೆಯದು ಬೇರೊಂದು ಪ್ಯಾರಾಕ್ಕೆ ಹೋಯಿತು. ಊಟ, ಹೊರದೇಶದ ವಿದ್ಯಾರ್ಥಿಗಳು, ಹಬ್ಬ ಇವು ಒಳ್ಳೆಯ ಸಂಗತಿಗಳೇ ಆದರೂ ಈ ಪ್ರಬಂಧಕ್ಕೆ ಬೇಕಾಗಿರಲಿಲ್ಲ. ‘ಆದ್ದರಿಂದ’ ಎಂದು ಆರಂಭವಾದ ಕೊನೆಯ ವಾಕ್ಯಕ್ಕೆ ಹಿಂದಿನ ಎಂಟರಲ್ಲಿ ಒಂದೂ ಕಾರಣವಿರಲಿಲ್ಲ, ಅದು ಹೊರಟುಹೋಯಿತು. ಅವನು ತಿದ್ದಿ ಬರೆದದ್ದು ಹೀಗಿತ್ತು:

“ಸಂಜೆಯ ಹೊತ್ತು ಕಮ್ಮನಹಳ್ಳಿಯ ಮುಖ್ಯರಸ್ತೆಯಲ್ಲಿ ವಯಸ್ಸಾದವರು ನಡೆಯುವುದು ಅಪಾಯಕರವಾಗಿದೆ. ರಸ್ತೆಯ ಎರಡೂ ಬದಿ ಬಟ್ಟೆ ಅಂಗಡಿಗಳೂ ಹೋಟೆಲುಗಳೂ ಸಾಲಾಗಿವೆ. ಅಲ್ಲಿಗೆ ಬರುವವರು ಬೈಕುಗಳನ್ನು ಫುಟ್‌ಪಾತ್ ಮೇಲೆಯೇ ನಿಲ್ಲಿಸುವುದರಿಂದ ನಡೆಯುವವರು ವಾಹನಗಳ ನಡುವೆ ರಸ್ತೆಗೆ ಇಳಿಯಬೇಕಾಗುತ್ತದೆ. ನಾವು ಹುಡುಗರು ಹೇಗೋ ಓಡಿ ದಾಟುತ್ತೇವೆ, ದೊಡ್ಡವರಿಗೆ ಅದು ಆಗುವುದಿಲ್ಲ. ನನ್ನ ಅಜ್ಜಿ ಸಂಜೆ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.”

ಒಂಬತ್ತು ವಾಕ್ಯಗಳು ಐದಾದವು. ಹೊಸದಾಗಿ ಸೇರಿದ್ದು ಎರಡೇ: ಮೊದಲನೆಯದು ಮತ್ತು ನಾಲ್ಕನೆಯದು. ಹಿಂದಿನ ಪ್ಯಾರಾದಲ್ಲಿ ಅಜ್ಜಿ ದಾರಿಯಲ್ಲಿ ಕಂಡವರಂತೆ ಬಂದು ಹೋಗುತ್ತಿದ್ದರು. ಈಗ ಅವರೇ ವಾದದ ಸಾಕ್ಷಿ. ಇದೇ ಐದು ವಾಕ್ಯಗಳನ್ನು ನಗರ ಪಾಲಿಕೆಯ ಎಂಜಿನಿಯರಿಗೆ ಮನವಿಯಾಗಿ ಕೊಟ್ಟರೂ ಏನು ಕೇಳುತ್ತಿದ್ದಾರೆಂಬುದು ಅವರಿಗೆ ಅರ್ಥವಾಗುತ್ತದೆ. ಹಿಂದಿನ ಒಂಬತ್ತನ್ನು ಕೊಟ್ಟಿದ್ದರೆ, ಸ್ವಚ್ಛತೆಯ ಅರ್ಜಿ ಎಂದು ಅದು ಕಸದ ವಿಭಾಗಕ್ಕೆ ಹೋಗಿಬಿಡುತ್ತಿತ್ತು.

ಎರಡು ಸುಲಭ ಚಿಕಿತ್ಸೆಗಳು ಚಾಲ್ತಿಯಲ್ಲಿವೆ, ಎರಡರಿಂದಲೂ ಗುಣವಿಲ್ಲ. ವಾಕ್ಯಗಳ ನಡುವೆ ‘ಅಲ್ಲದೆ’, ‘ಮೇಲಾಗಿ’, ‘ಇದರ ಜೊತೆಗೆ’ ಸೇರಿಸಿ ಎನ್ನುವುದು ಒಂದು. ಇಲ್ಲದ ಸಂಬಂಧವನ್ನು ಅವ್ಯಯಗಳು ಹುಟ್ಟಿಸಲಾರವು. ಆರಂಭದಲ್ಲಿ ‘ನಮ್ಮ ಬಡಾವಣೆಯಲ್ಲಿ ಅನೇಕ ಸಮಸ್ಯೆಗಳಿವೆ’ ಎಂದು ಬರೆಸುವುದು ಮತ್ತೊಂದು. ಅದು ಇಡೀ ಪ್ರಬಂಧದ ಮೇಲೆ ಹಿಡಿದ ಕೊಡೆ; ಒಂದು ಪ್ಯಾರಾಕ್ಕೆ ಅಳತೆ ಮೀರಿದ್ದು.

ಈ ನಿಯಮಕ್ಕೂ ಮಿತಿಯಿದೆ. ಅಮೆರಿಕದ ರಿಚರ್ಡ್ ಬ್ರ್ಯಾಡಕ್ 1974ರಲ್ಲಿ ಅಲ್ಲಿನ ಪತ್ರಿಕೆಗಳ ನುರಿತ ಲೇಖಕರ ಪ್ರಬಂಧಗಳನ್ನು ಪರಿಶೀಲಿಸಿದಾಗ ಮುಖ್ಯವಾಕ್ಯದಿಂದ ಆರಂಭವಾಗುವ ಪ್ಯಾರಾಗಳು ಅಲ್ಪಸಂಖ್ಯೆಯಲ್ಲಿದ್ದುವು. ಅನುಭವಿ ಲೇಖಕ ಅದನ್ನು ಕೊನೆಗೆ ಇಡಬಲ್ಲ, ಹೇಳದೆಯೂ ಸೂಚಿಸಬಲ್ಲ. ಹರಟೆ ಮತ್ತು ಲಲಿತ ಪ್ರಬಂಧದ ಶ್ರೀಮಂತ ಪರಂಪರೆಯಿರುವ ಕನ್ನಡದಲ್ಲಿ ಅಲೆದಾಟವೇ ದೋಷವೆಂದು ಯಾರೂ ಹೇಳಲಾರರು. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಓದಿದವರಿಗೆ ಅದರ ಸುಖ ಗೊತ್ತು. ಆದರೆ ಅಲ್ಲಿ ಅಲೆಯುವವನಿಗೆ ತಾನು ಎಲ್ಲಿದ್ದೇನೆಂಬುದು ತಿಳಿದಿರುತ್ತದೆ. ಮುಖ್ಯವಾಕ್ಯ ಪ್ಯಾರಾದ ತಲೆಯ ಮೇಲೆಯೇ ಇರಬೇಕಾಗಿಲ್ಲ. ಬರೆಯುವವನ ತಲೆಯಲ್ಲಂತೂ ಇರಲೇಬೇಕು. ಕಲಿಯುವ ಹಂತದಲ್ಲಿ ಅದು ಅಲ್ಲಿದೆಯೇ ಎಂದು ನೋಡಲು ಕಾಗದದ ಮೇಲೆ ಮೊದಲಿಗೆ ಬರೆಸುವುದಕ್ಕಿಂತ ನೇರವಾದ ಉಪಾಯ ನನಗೆ ಕಂಡಿಲ್ಲ.

ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೂತ ಶಿಕ್ಷಕರಿಗೆ ಪ್ರತಿ ಪ್ಯಾರಾವನ್ನೂ ಹೀಗೆ ಬಿಡಿಸಿ ನೋಡುವಷ್ಟು ಸಮಯವಿರುವುದಿಲ್ಲ ಎಂಬುದು ನಿಜ. ಷರಾ ಬರೆಯಲು ಸಮಯವಿದ್ದೇ ಇದೆ. ‘ಭಾಷೆ ಸುಧಾರಿಸಬೇಕು’ ಎಂಬುದು ಎರಡು ಪದ. ‘ಆರನೆಯ ವಾಕ್ಯದಿಂದ ಆರಂಭಿಸು’ ಎಂಬುದು ಮೂರು. ಆ ಇನ್ನೊಂದು ಪದವನ್ನು ಖರ್ಚು ಮಾಡಿದರೆ, ತಮಿಳು ಮನೆಮಾತಿನ ಹುಡುಗನೊಬ್ಬ ತನ್ನ ಕೊರತೆ ಕನ್ನಡದ್ದಲ್ಲ, ಕ್ರಮದ್ದು ಎಂದು ತಿಳಿದುಕೊಳ್ಳುತ್ತಾನೆ.