ಅಜ್ಜಿಯ ಬಳೆ, ಒಂದು ಲೋಟ ನೀರು

ಮನೆಯಲ್ಲೇ ಚಿನ್ನ ಅಸಲಿಯೋ ನಕಲಿಯೋ ನೋಡೋದು ಹೇಗೆ ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಮೊದಲು ಸಿಗೋದು ಆಯಸ್ಕಾಂತ, ನಿಂಬೆರಸ, ವಿನೆಗರ್. ಆಯಸ್ಕಾಂತದಿಂದ ತಿಳಿಯೋದು ಒಂದೇ ಸಂಗತಿ: ಒಳಗೆ ಕಬ್ಬಿಣ ಅಥವಾ ನಿಕಲ್ ಇದೆಯೇ ಅಂತ. ಹಿತ್ತಾಳೆ, ತಾಮ್ರ, ಬೆಳ್ಳಿ ಯಾವುದೂ ಅದಕ್ಕೆ ಅಂಟುವುದಿಲ್ಲ. ನಕಲಿ ಬಳೆ ಹೆಚ್ಚಾಗಿ ಹಿತ್ತಾಳೆ, ತಾಮ್ರದಲ್ಲೇ ಇರುವುದರಿಂದ ಅದು ಆರಾಮಾಗಿ ಪಾಸಾಗುತ್ತೆ. ಅಸಲಿ ಸರದ ಕೊಂಡಿಯೊಳಗಿನ ಸಣ್ಣ ಉಕ್ಕಿನ ಸ್ಪ್ರಿಂಗ್ ಮಾತ್ರ ಅಂಟಿಕೊಂಡು ಸುಮ್ಮನೆ ಹೆದರಿಸುತ್ತೆ. ಇನ್ನು ನಿಂಬೆರಸ, ವಿನೆಗರ್ ಮುಟ್ಟೋದು ಮೇಲಿನ ಪದರವನ್ನು ಮಾತ್ರ. ಮೇಲೆ ಒಳ್ಳೆಯ ಚಿನ್ನದ ಲೇಪ ಇದ್ದರೆ ಒಳಗೆ ಏನಿದೆ ಅಂತ ಅವು ಹೇಳಲಾರವು. ಒಡವೆಯಲ್ಲಿ ಮುತ್ತು, ಹವಳ ಇದ್ದರಂತೂ ಆ ಹುಳಿ ಅವನ್ನೇ ತಿಂದುಹಾಕುತ್ತೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನಾನು ನಂಬೋದು ಒಂದನ್ನೇ, ನೀರಿನ ಪರೀಕ್ಷೆ. ಚಿನ್ನ ತನ್ನ ಗಾತ್ರಕ್ಕೆ ತುಂಬಾ ಭಾರ. ಒಂದು ಮಿಲಿಲೀಟರ್ ಜಾಗದಲ್ಲಿ ಹಿತ್ತಾಳೆ ಸುಮಾರು 8.5 ಗ್ರಾಂ ತೂಗಿದರೆ, ಬೆಳ್ಳಿ 10.5 ಗ್ರಾಂ, 22 ಕ್ಯಾರೆಟ್ ಚಿನ್ನ ಸುಮಾರು 17.7 ಗ್ರಾಂ ತೂಗುತ್ತೆ. ಇಷ್ಟು ದೊಡ್ಡ ಅಂತರವನ್ನು ಲೇಪದಿಂದ ಮುಚ್ಚಲು ಆಗೋದಿಲ್ಲ.

ಇದಕ್ಕೆ ಬೇಕಾಗೋದು 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಹಿಟ್ಟು ಅಳೆಯುವ, ಒಂದೊಂದೇ ಗ್ರಾಂ ತೋರಿಸುವ ತಕ್ಕಡಿ ಸಾಲದು. ಮೊದಲು ಬಳೆಯನ್ನು ಒಣಗಿಸಿ ತೂಗಿ ಬರೆದುಕೊಳ್ಳಿ. ಆಮೇಲೆ ಬಳೆ ಪೂರ್ತಿ ಮುಳುಗುವಷ್ಟು ನೀರಿರುವ ಹಗುರವಾದ ಪ್ಲಾಸ್ಟಿಕ್ ಡಬ್ಬಿಯನ್ನು ತಕ್ಕಡಿ ಮೇಲಿಟ್ಟು, ಬಟನ್ ಒತ್ತಿ ಸೊನ್ನೆಗೆ ತನ್ನಿ. ನೀರು, ಡಬ್ಬಿ ಎರಡೂ ಸೇರಿ ತಕ್ಕಡಿಯ ಮಿತಿ ದಾಟಬಾರದು. ಈಗ ಬಳೆಗೆ ತೆಳು ನೈಲಾನ್ ದಾರ ಕಟ್ಟಿ, ಕೈಯಲ್ಲಿ ಹಿಡಿದು ನೀರಿಗೆ ಇಳಿಬಿಡಿ. ಬಳೆ ಪೂರ್ತಿ ಮುಳುಗಬೇಕು, ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ತಕ್ಕಡಿ ಈಗ ಒಂದು ಸಣ್ಣ ಅಂಕಿ ತೋರಿಸುತ್ತೆ. ನೀರು ಬಳೆಯನ್ನು ಎಷ್ಟು ಮೇಲಕ್ಕೆ ತಳ್ಳುತ್ತದೋ ಅಷ್ಟೇ ಭಾರ ಕೆಳಗೆ ತಕ್ಕಡಿ ಮೇಲೆ ಬೀಳುತ್ತೆ. ಅದು ಬಳೆ ಸರಿಸಿದ ನೀರಿನ ತೂಕ, ಅಂದರೆ ಮಿಲಿಲೀಟರ್ ಲೆಕ್ಕದಲ್ಲಿ ಬಳೆಯ ಗಾತ್ರ. ಒಣ ತೂಕವನ್ನು ಆ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು.

ನಮ್ಮ ಚಿಕ್ಕಮ್ಮನ ಮಗಳಿಗೆ ಅಜ್ಜಿಯ ಎರಡು ಬಳೆ ಬಂದಿದ್ದವು. ಸೈಟ್ ಅಡ್ವಾನ್ಸ್‌ಗೆ ಅವನ್ನು ಅಡವಿಡಬೇಕು ಅಂತ ಯೋಚನೆ. "ಅಕ್ಕಾ, ಅಲ್ಲಿ ಹೋದ್ಮೇಲೆ ಇದು ಚಿನ್ನಾನೇ ಅಲ್ಲ ಅಂದ್ರೆ ಏನ್ ಮಾಡ್ಲಿ?" ಅಂದಳು. ನಮ್ಮ ಅಡುಗೆಮನೆ ಕಟ್ಟೆ ಮೇಲೆ ಎರಡನ್ನೂ ತೂಗಿದೆವು.

ಮೊದಲನೆಯದು ಒಣಗಿದ್ದಾಗ 24.10 ಗ್ರಾಂ. ನೀರಿಗಿಳಿಸಿದಾಗ ತಕ್ಕಡಿ ತೋರಿಸಿದ್ದು 1.37. ಭಾಗಿಸಿದರೆ 17.59, ಅಂದರೆ 22 ಕ್ಯಾರೆಟ್‌ಗೆ ಹತ್ತಿರ. ಎರಡನೆಯದು ಒಣ ತೂಕ 22.40, ನೀರಿನಲ್ಲಿ 1.72. ಭಾಗಿಸಿದರೆ 13.02. ನೋಡಲು ಎರಡೂ ಒಂದೇ ಥರ, ಲೆಕ್ಕದಲ್ಲಿ ಮಾತ್ರ ಎರಡನೆಯದು 14 ಕ್ಯಾರೆಟ್ ಚಿನ್ನದ ಹಾಗೆ. "ಅಜ್ಜಿಗೆ ಯಾರೋ ಟೋಪಿ ಹಾಕಿದಾರೆ ಬಿಡು ಅಕ್ಕಾ" ಅಂದಳು.

ಹಾಗೆ ತೀರ್ಮಾನಿಸುವ ಮುಂಚೆ ಎರಡು ವಿಷಯ ನೋಡಬೇಕು. ಒಂದು, ಗಾಳಿಗುಳ್ಳೆ. ಕೆತ್ತನೆಯ ಸಂದಿಯಲ್ಲಿ ಗುಳ್ಳೆ ಕೂತರೆ ಗಾತ್ರ ಹೆಚ್ಚಾಗಿ, ಸಾಂದ್ರತೆ ಕಡಿಮೆ ಬರುತ್ತೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಳೆಯನ್ನು ಅಲ್ಲಾಡಿಸಿ ಮತ್ತೆ ನೋಡಿದೆವು. ಅಂಕಿ ಬದಲಾಗಲಿಲ್ಲ. ಎರಡನೆಯದು, ಬಳೆ ಗಟ್ಟಿಯೋ ಪೊಳ್ಳೋ ಅನ್ನೋದು. ಹಳೆಯ ಒಡವೆಗಳಲ್ಲಿ ಚಿನ್ನದ ತಗಡನ್ನು ಕೊಳವೆ ಮಾಡಿ, ನಗ್ಗದಿರಲಿ ಅಂತ ಒಳಗೆ ಅರಗು ತುಂಬೋದು ಮಾಮೂಲು. ಭೂತಗನ್ನಡಿ ಹಿಡಿದು ನೋಡಿದಾಗ ಬಳೆಯ ಒಳಬದಿಯಲ್ಲಿ ಬೆಸುಗೆ ಹಾಕಿ ಮುಚ್ಚಿದ ಪುಟ್ಟ ತೂತು ಕಾಣಿಸಿತು.

ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಕೊಟ್ಟಾಗ ಎರಡಕ್ಕೂ 22 ಕ್ಯಾರೆಟ್ ಹತ್ತಿರದ ಫಲಿತಾಂಶವೇ ಬಂತು. ಪರಿಚಯದ ಅಕ್ಕಸಾಲಿಗರು ಆ ತೂತು ನೋಡಿ ಒಳಗೆ ಅರಗಿದೆ ಅಂದರು. ಲೆಕ್ಕ ಹಾಕಿದರೆ 22.40 ಗ್ರಾಂನಲ್ಲಿ ಅರಗು ಅರ್ಧ ಗ್ರಾಂ ಮಾತ್ರ. ಅರಗು ತುಂಬಾ ಹಗುರ, ಅದಕ್ಕೇ ಅರ್ಧ ಗ್ರಾಂ ಸೇರಿದರೂ ಸಾಂದ್ರತೆ ಅಷ್ಟು ಕೆಳಗಿಳಿಯುತ್ತೆ. ಉಳಿದ ಸುಮಾರು 21.9 ಗ್ರಾಂ ಒಳ್ಳೆಯ ಚಿನ್ನವೇ. ಅಜ್ಜಿಗೆ ಯಾರೂ ಟೋಪಿ ಹಾಕಿರಲಿಲ್ಲ.

ಅಂದರೆ ನೀರಿನ ಪರೀಕ್ಷೆಯಲ್ಲಿ ಕಡಿಮೆ ಅಂಕಿ ಬಂದರೆ ಅದು ನಕಲಿ ಅಂತಲೇ ಅಲ್ಲ. ಝುಮ್ಕಿ, ಗುಂಡಿನ ಸರ, ಕಲ್ಲು ಕೂರಿಸಿದ ಒಡವೆಗಳಿಗೆ ಇದು ಹೊಂದೋದೇ ಇಲ್ಲ. ಸಣ್ಣ ಉಂಗುರಕ್ಕೂ ಅಷ್ಟೇ. 3 ಗ್ರಾಂ ಉಂಗುರ ಸರಿಸುವ ನೀರು 0.17 ಗ್ರಾಂ ಮಾತ್ರ. ತಕ್ಕಡಿ 0.02 ಹೆಚ್ಚು ಕಡಿಮೆ ತೋರಿಸಿದರೂ ಉತ್ತರ 16ರಿಂದ 20ರವರೆಗೆ ಓಲಾಡುತ್ತೆ. ಇನ್ನೊಂದು ಕಡೆ, ಅಂಕಿ ಸರಿಯಾಗಿ ಬಂದಮಾತ್ರಕ್ಕೆ ಪೂರ್ತಿ ನಿರಾಳವೂ ಅಲ್ಲ. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ 19.25, ಶುದ್ಧ ಚಿನ್ನದ್ದು 19.3. ಟಂಗ್‌ಸ್ಟನ್ ಮೇಲೆ ಚಿನ್ನ ಹೊದಿಸಿದ ಗಟ್ಟಿಯನ್ನು ಈ ತಕ್ಕಡಿ ಹಿಡಿಯಲಾರದು. ನಾಣ್ಯ, ಗಟ್ಟಿ ಕೊಳ್ಳುವವರು ಇದನ್ನು ನೆನಪಿಡಬೇಕು.

ಕಲ್ಲಿನ ವಿಷಯಕ್ಕೆ ಬಂದರೆ ಮನೆಯ ಪರೀಕ್ಷೆಯ ಕೈ ಇನ್ನೂ ಗಿಡ್ಡ. ವಜ್ರದ ಮೇಲೆ ಬಾಯಿಂದ ಹಬೆ ಊದಿದರೆ ತಕ್ಷಣ ಮಾಯ ಆಗುತ್ತೆ, ಯಾಕಂದರೆ ವಜ್ರ ಶಾಖವನ್ನು ಬೇಗ ಸಾಗಿಸುತ್ತೆ. ಗಾಜಾದರೆ ಹಬೆ ಸ್ವಲ್ಪ ಹೊತ್ತು ನಿಲ್ಲುತ್ತೆ. ಆದರೆ ಮಾಯ್ಸನೈಟ್ ಕಲ್ಲೂ ಶಾಖವನ್ನು ಚೆನ್ನಾಗಿ ಸಾಗಿಸುತ್ತೆ. ಲ್ಯಾಬ್‌ನಲ್ಲಿ ಬೆಳೆಸಿದ್ದಂತೂ ವಜ್ರವೇ. ಮಾಣಿಕ್ಯವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್‌ನಲ್ಲಿ ನೋಡಿ. ಒಳಗೆ ಗುಂಡನೆಯ ಗುಳ್ಳೆ ಕಂಡರೆ ಅದು ಗಾಜು, ಕೃತಕ ಮಾಣಿಕ್ಯ ಅಥವಾ ಬಿರುಕಿಗೆ ಗಾಜು ತುಂಬಿದ ಕಲ್ಲು ಇರಬಹುದು. ಗುಳ್ಳೆ ಇಲ್ಲ ಅಂದಮಾತ್ರಕ್ಕೆ ಗಣಿಯಿಂದ ಬಂದದ್ದು ಅಂತ ಅರ್ಥವಲ್ಲ. ಕೃತಕ ಮಾಣಿಕ್ಯದ ಸಾಂದ್ರತೆ, ಗಡಸುತನ ಎಲ್ಲಾ ಅಸಲಿಯದ್ದೇ. ದೊಡ್ಡ ದುಡ್ಡು ಕೊಡೋದಿದ್ದರೆ ರತ್ನ ಪರೀಕ್ಷಾಲಯದ ವರದಿ ಇಲ್ಲದೆ ಕೊಳ್ಳಬೇಡಿ.

ಹೊಸ ಚಿನ್ನಕ್ಕಾದರೆ ತಕ್ಕಡಿಗಿಂತ ಮೊದಲು ಮೊಬೈಲ್ ತೆಗೆಯಿರಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆದ ಒಡವೆ ಮಾರಲು ಬಿಐಎಸ್ ಗುರುತು, 22K916 ಥರದ ಶುದ್ಧತೆಯ ಅಂಕಿ, ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಈ ಮೂರೂ ಇರಬೇಕು. BIS Care ಆ್ಯಪ್‌ನಲ್ಲಿ Verify HUID ಒತ್ತಿ ಆ ಆರನ್ನು ಹಾಕಿದರೆ ಅದು ಬಳೆಯೋ ಸರವೋ, ಶುದ್ಧತೆ ಎಷ್ಟು ಅಂತ ಬರುತ್ತೆ. ಕೈಯಲ್ಲಿರೋದು ಉಂಗುರ, ಆ್ಯಪ್‌ನಲ್ಲಿ ಬರೋದು ಸರ ಅಂತಾದರೆ ಆ ಸಂಖ್ಯೆ ಬೇರೆ ಒಡವೆಯದ್ದು. ಅಜ್ಜಿ ಕಾಲದ ಒಡವೆಯಲ್ಲಿ ಇದು ಸಿಗೋದಿಲ್ಲ. ಚಿನ್ನಕ್ಕೆ ಹಾಲ್‌ಮಾರ್ಕ್ ಶುರುವಾಗಿದ್ದೇ 2000ದಲ್ಲಿ. ಅಂಥದ್ದನ್ನು ಬಿಐಎಸ್ ಮಾನ್ಯತೆ ಇರುವ ಕೇಂದ್ರಕ್ಕೆ ಒಯ್ಯಿರಿ, ಸಾಮಾನ್ಯ ಗ್ರಾಹಕರ ಒಡವೆಯನ್ನೂ ಶುಲ್ಕ ತಗೊಂಡು ಪರೀಕ್ಷಿಸಿ ವರದಿ ಕೊಡುತ್ತಾರೆ. ಅಲ್ಲಿನ ಎಕ್ಸ್‌ಆರ್‌ಎಫ್ ಯಂತ್ರ ಮೇಲ್ಪದರವನ್ನಷ್ಟೇ ಓದುತ್ತೆ. ಅದಕ್ಕೇ ನಿಮ್ಮ ನೀರಿನ ಲೆಕ್ಕದ ಚೀಟಿಯನ್ನೂ ಜೊತೆಗೊಯ್ದು ತೋರಿಸಿ. ಮೇಲ್ಪದರ 22 ಕ್ಯಾರೆಟ್ ಅಂದು, ಸಾಂದ್ರತೆ 9 ಅಂದರೆ, ಒಳಗೆ ಏನಿದೆ ಅಂತ ಕೇಳಲೇಬೇಕು.